‘ಮುಧೋಳ್‌ನಲ್ಲಿ’ ಅಂತ ಮುಧೋಳದವರು ಬರೆಯಲ್ಲ

2025ರ ನವೆಂಬರಿನಲ್ಲಿ ಕಬ್ಬಿನ ದರಕ್ಕಾಗಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರೈತರು ರಸ್ತೆಗಿಳಿದರು. ಮುಧೋಳದಲ್ಲೂ ಹೋರಾಟ ಜೋರಾಗಿತ್ತು. ಇಂಥ ಹೊತ್ತಿನಲ್ಲಿ ‘ಒಬ್ಬ ಸಾಮಾನ್ಯ ರೈತನ ಪತ್ರ’ ಅನ್ನೋ ತಲೆಬರಹದ ಬರಹಗಳು ಫೋನಿಂದ ಫೋನಿಗೆ ಓಡಾಡೋದು ಮಾಮೂಲು. ಕಬ್ಬಿನದ್ದೇ ಆಗಬೇಕು ಅಂತಿಲ್ಲ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನ ಪರಿಹಾರದ್ದು ಇರಬಹುದು, ರಬಕವಿ-ಬನಹಟ್ಟಿಯ ಮಗ್ಗದ ಕೂಲಿಯದ್ದು ಇರಬಹುದು. ಹೆಸರಿಲ್ಲದ ಪತ್ರ ಬಂತು ಅಂದ್ರೆ ಓದಿದವರಲ್ಲಿ ಎರಡು ತೀರ್ಪು ರೆಡಿ ಇರ್ತವೆ. ಒಂದು: ‘ಇಷ್ಟು ಶುದ್ಧ ಕನ್ನಡ ಯಾವ ರೈತ ಬರೀತಾನೆ? ಇದು ಯಾರೋ ಬರೆದುಕೊಟ್ಟಿದ್ದು, ಇಲ್ಲಾ ಎಐ ಬರೆದದ್ದು.’ ಇನ್ನೊಂದು: ‘ನೋಡಿ, ಎಷ್ಟು ತಪ್ಪಿವೆ, ಹಾಗಾಗಿ ಇದು ಅಸಲಿ.’

ಎರಡೂ ತೀರ್ಪು ತಪ್ಪುಗಳನ್ನು ಎಣಿಸುತ್ತವೆ. ನನ್ನ ವಾದ ಇಷ್ಟೇ: ಸಂಧಿ ಮತ್ತು ವಿಭಕ್ತಿ ಪ್ರತ್ಯಯ ಬರೆದವರ ಬಗ್ಗೆ ನಿಜಕ್ಕೂ ಸುಳಿವು ಕೊಡುತ್ತವೆ, ಆದರೆ ಎಷ್ಟು ತಪ್ಪಿವೆ ಅನ್ನೋದರಿಂದ ಅಲ್ಲ. ಯಾವ ಬಗೆಯ ತಪ್ಪು, ಅದು ಎಲ್ಲಿ ಬಿದ್ದಿದೆ, ಮತ್ತು ತಿದ್ದುವವರ ಕೈಗೆ ಸಿಗದೆ ಏನು ಉಳಿದುಕೊಂಡಿದೆ ಅನ್ನೋದರಿಂದ. ನಾನು ಹುಟ್ಟಿ ಬೆಳೆದದ್ದು ಜಮಖಂಡಿ ಕಡೆ. ಎಂಜಿನಿಯರಿಂಗ್ ಓದುವಾಗ ಕಲಿತ ಒಂದು ಮಾತು ಇಲ್ಲೂ ಸಲ್ಲುತ್ತದೆ: ಅಳತೆ ಮಾಡೋ ಮುಂಚೆ, ನಾವು ಅಳೀತಿರೋದು ಏನನ್ನ ಅಂತ ಗೊತ್ತಿರಬೇಕು.

ಊರಿನ ಹೆಸರಿನಿಂದಲೇ ಶುರು ಮಾಡೋಣ

ಕನ್ನಡದಲ್ಲಿ ‘ಅಲ್ಲಿ’ ಪ್ರತ್ಯಯ ಹೆಸರಿಗೆ ನೇರವಾಗಿ ಅಂಟಲ್ಲ. ಹೆಸರು ಯಾವ ಸ್ವರದಲ್ಲಿ ಮುಗಿಯುತ್ತೆ ಅನ್ನೋದರ ಮೇಲೆ ನಡುವೆ ಏನು ಬರಬೇಕು ಅಂತ ತೀರ್ಮಾನ ಆಗುತ್ತೆ. ‘ಅ’ದಲ್ಲಿ ಮುಗಿದರೆ ‘ದ’ ಬರುತ್ತೆ: ಮುಧೋಳ, ಮುಧೋಳದಲ್ಲಿ. ‘ಇ’ ಅಥವಾ ‘ಎ’ದಲ್ಲಿ ಮುಗಿದರೆ ‘ಯ’ ಬರುತ್ತೆ: ಜಮಖಂಡಿಯಲ್ಲಿ, ಬೀಳಗಿಯಲ್ಲಿ, ಬನಹಟ್ಟಿಯಲ್ಲಿ, ಬಾಗಲಕೋಟೆಯಲ್ಲಿ. ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಶಾಲೆಯ ಮುಖ ನೋಡದವರೂ ಇದರಲ್ಲಿ ತಪ್ಪಲ್ಲ.

ಹಾಗಿದ್ದರೆ ‘ಮುಧೋಳ್‌ನಲ್ಲಿ’ ಅನ್ನೋ ರೂಪ ಎಲ್ಲಿಂದ ಬರುತ್ತೆ? Mudhol ಅಂತ ಇಂಗ್ಲಿಷ್ ಅಕ್ಷರದಲ್ಲಿ ಊರನ್ನು ಪರಿಚಯ ಮಾಡಿಕೊಂಡವರಿಂದ. ಆ ಸ್ಪೆಲ್ಲಿಂಗಿನಲ್ಲಿ ಕೊನೆಯ ‘ಅ’ ಇಲ್ಲ. ವ್ಯಂಜನದಲ್ಲಿ ಮುಗಿದ ಪದ ಅಂದುಕೊಂಡು, ಆಫೀಸ್‌ನಲ್ಲಿ ಅನ್ನೋ ಹಾಗೆ ಮುಧೋಳ್‌ನಲ್ಲಿ ಅಂತ ಬರೆಯುತ್ತಾರೆ. ಬಾಗಲಕೋಟ್‌ನಲ್ಲಿ ಅನ್ನೋದೂ ಹೀಗೇ ಹುಟ್ಟುತ್ತೆ. ಇನ್ನು ‘ಬೀಳಗಿನಲ್ಲಿ’ ಅನ್ನೋದು ಕಂಡರೆ ಬೇರೆ ಅನುಮಾನ ಪಡಬಹುದು. ಮೊದಲೇ ಸಿದ್ಧ ಮಾಡಿಟ್ಟ ಒಂದು ಪತ್ರದಲ್ಲಿ ಊರಿನ ಜಾಗ ಖಾಲಿ ಬಿಟ್ಟು, ಅದರ ಮುಂದೆ ‘ನಲ್ಲಿ’ ಅಂತ ಅಚ್ಚು ಹಾಕಿ, ಆಮೇಲೆ ಒಂದೊಂದೇ ಊರಿನ ಹೆಸರು ತುಂಬಿದರೆ ಇಂಥ ರೂಪ ಬರುತ್ತೆ. ಹತ್ತು ಊರಿನ ಹೆಸರಲ್ಲಿ ಹತ್ತು ಮನವಿ ಬಂದು, ಹತ್ತರಲ್ಲೂ ‘ನಲ್ಲಿ’ ಇದ್ದರೆ, ಅವು ಹತ್ತು ಊರಲ್ಲಿ ಹುಟ್ಟಿದ ಪತ್ರಗಳಲ್ಲ ಅಂತ ಹೇಳೋಕೆ ಸಾಕಷ್ಟು ಆಧಾರ ಇದೆ.

ಈಗ ಊರಿನವರ ತಪ್ಪು ಹೇಗಿರುತ್ತೆ ನೋಡಿ. ಮುಧೋಳದವರು ಮಾತಾಡುವಾಗ ಮುಧೋಳದಾಗ ಅಂತಾರೆ. ಜಮಖಂಡಿಯವರು ಜಮಖಂಡ್ಯಾಗ, ಬೀಳಗಿಯವರು ಬೀಳಗ್ಯಾಗ. ಬರೆಯುವಾಗ ಕೈ ಜಾರಿದರೆ ಇದೇ ರೂಪ ಬೀಳುತ್ತೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಸುತ್ತು ಹಾಕೋ ‘ತಪ್ಪು’ ಇದು. ಆದರೆ ಗಮನಿಸಿ: ಮುಧೋಳದಾಗ ಅನ್ನೋದರಲ್ಲೂ ‘ದ’ ಇದೆ, ತನ್ನ ಜಾಗದಲ್ಲೇ ಇದೆ. ಜಮಖಂಡ್ಯಾಗ ಅನ್ನೋದರಲ್ಲಿ ‘ಇ’ ಹೋಗಿ ‘ಯ’ ಬಂದಿದೆ, ಅದೂ ನಿಯಮದ ಪ್ರಕಾರವೇ. ಅಂದರೆ ಇದು ತಪ್ಪಲ್ಲ, ಬೇರೆ ನಿಯಮ. ‘ಮುಧೋಳ್‌ನಲ್ಲಿ’ ಪತ್ರಿಕೆಯಲ್ಲಿ ಅಚ್ಚಾದರೆ ಯಾರೂ ಹುಬ್ಬೇರಿಸಲ್ಲ. ‘ಮುಧೋಳದಾಗ’ ಅಂತಿದ್ದರೆ ಬರೆದವನು ಓದಿಲ್ಲ ಅಂತೀವಿ. ಮೊದಲನೆಯದು ಹೊರಗಿನವರ ಗುರುತು, ಎರಡನೆಯದು ಒಳಗಿನವರ ಗುರುತು. ತಪ್ಪು ಎಣಿಸುವವರು ಇದನ್ನು ಸರಿಯಾಗಿ ತಿರುವುಮುರುವು ಮಾಡಿಬಿಡ್ತಾರೆ.

ಒಂದೇ ಪತ್ರ, ನಾಲ್ಕು ಕೈ

ಮಾತಿಗೆ ಹಿಡಿತ ಸಿಗಲಿ ಅಂತ ನಾನೇ ಒಂದು ಪುಟ್ಟ ಪತ್ರ ಕಟ್ಟಿ ನಾಲ್ಕು ರೂಪದಲ್ಲಿ ಬರೆದಿದ್ದೇನೆ. ಇದು ಯಾರ ಪತ್ರವೂ ಅಲ್ಲ, ಉದಾಹರಣೆಗೆ ಅಷ್ಟೇ. ಮೊದಲ ರೂಪ ಹೊಳೆಸಾಲಿನ ರೈತ ತನ್ನ ಮಾತಿನಲ್ಲೇ ಬರೆದ ಹಾಗಿದೆ:

“ನಮಗ ಹೊಳಿ ದಂಡಿಗೆ ಮೂರು ಎಕರೆ ಹೊಲ ಐತಿ. ಡಿಸೆಂಬರದಾಗ ಕಬ್ಬ ಕಡಿಸಿ ಫ್ಯಾಕ್ಟರಿಗೆ ಕಳಿಸೇವಿ. ತೂಕದ ಚೀಟಿ ನಮ್ಮ ಕಡೆ ಐತಿ. ಬಿಲ್ಲ ಇನ್ನ ಕೊಟ್ಟಿಲ್ಲ. ಕೇಳಾಕ ಹೋದ್ರ ಆಫೀಸಿನ್ಯಾಗ ಯಾರೂ ಮಾತಾಡಂಗಿಲ್ಲ.”

ಎರಡನೆಯದು ಅದೇ ಪತ್ರವನ್ನು ಅವನ ಮಗಳೋ, ಊರಿನ ಮೇಷ್ಟ್ರೋ, ತಹಶೀಲ್ದಾರ್ ಕಚೇರಿ ಎದುರಿಗೆ ಅರ್ಜಿ ಬರೆದುಕೊಡುವವರೋ ತಿದ್ದಿದ ರೂಪ:

“ನಮಗೆ ಹೊಳೆ ದಂಡೆಗೆ ಮೂರು ಎಕರೆ ಹೊಲ ಇದೆ. ಡಿಸೆಂಬರಿನಲ್ಲಿ ಕಬ್ಬು ಕಡಿಸಿ ಫ್ಯಾಕ್ಟರಿಗೆ ಕಳಿಸಿದ್ದೇವೆ. ತೂಕದ ಚೀಟಿ ನಮ್ಮ ಕಡೆ ಇದೆ. ಬಿಲ್ಲು ಇನ್ನೂ ಕೊಟ್ಟಿಲ್ಲ. ಕೇಳಲು ಹೋದರೆ ಆಫೀಸಿನಲ್ಲಿ ಯಾರೂ ಮಾತನಾಡುವುದಿಲ್ಲ.”

ಮೂರನೆಯದು ವಿಷಯ ಕೇಳಿಕೊಂಡು ಬೇರೆಲ್ಲೋ ಕೂತು ಬರೆದದ್ದು:

“ನಾವು ನದಿಯ ದಡದಲ್ಲಿ ಮೂರು ಎಕರೆ ಭೂಮಿಯನ್ನು ಹೊಂದಿದ್ದೇವೆ. ಡಿಸೆಂಬರ್‌ನಲ್ಲಿ ನಾವು ಕಬ್ಬನ್ನು ಕಟಾವು ಮಾಡಿಸಿ ಕಾರ್ಖಾನೆಗೆ ಕಳುಹಿಸಿದ್ದೇವೆ. ತೂಕದ ಚೀಟಿಯನ್ನು ನಾವು ಹೊಂದಿದ್ದೇವೆ. ಕಾರ್ಖಾನೆಯಿಂದ ಹಣವನ್ನು ಇನ್ನೂ ಪಾವತಿಸಲಾಗಿಲ್ಲ. ವಿಚಾರಿಸಿದಾಗ ಕಚೇರಿಯಲ್ಲಿ ಯಾರೂ ಪ್ರತಿಕ್ರಿಯೆಯನ್ನು ನೀಡುತ್ತಿಲ್ಲ.”

ನಾಲ್ಕನೆಯದು ಈ ಮೂರನೆಯದಕ್ಕೇ ಉತ್ತರ ಕರ್ನಾಟಕದ ಬಣ್ಣ ಬಳಿದದ್ದು:

“ನಾವು ನದಿಯ ದಡದಲ್ಲಿ ಮೂರು ಎಕರೆ ಭೂಮಿಯನ್ನು ಹೊಂದೀವ್ರೀ. ಕಬ್ಬನ್ನು ಕಾರ್ಖಾನೆಗೆ ಕಳಿಸೀವ್ರೀ. ಹಣವನ್ನು ಇನ್ನೂ ಕೊಟ್ಟಿಲ್ರೀ. ಕಚೇರಿಯಲ್ಲಿ ಯಾರೂ ಮಾತಾಡಂಗಿಲ್ರೀ.”

ಸಂಧಿ-ವಿಭಕ್ತಿಯ ಪರೀಕ್ಷೆ ಇಟ್ಟರೆ ಎರಡನೆಯದು, ಮೂರನೆಯದು ಎರಡೂ ಪಾಸು. ಶಾಲೆಯ ವ್ಯಾಕರಣದಲ್ಲಿ ಎರಡರಲ್ಲೂ ಒಂದೂ ತಪ್ಪಿಲ್ಲ. ಆದರೆ ಎರಡೂ ಒಂದೇ ಕೈಯವಲ್ಲ. ಎರಡನೆಯದರಲ್ಲಿ ಅಕ್ಷರ ಬದಲಾಗಿದೆ, ವಾಕ್ಯ ರೈತನದ್ದೇ ಉಳಿದಿದೆ. ಮೂರನೆಯದರಲ್ಲಿ ವಾಕ್ಯವೇ ಬೇರೆಯವರದ್ದು.

ಗೊತ್ತಾಗೋದು ಹೇಗೆ? ಮೂರು ಕಡೆ ನೋಡಿ. ಮೊದಲನೆಯದು ‘ನಮಗೆ ಹೊಲ ಇದೆ’ ಮತ್ತು ‘ನಾವು ಭೂಮಿಯನ್ನು ಹೊಂದಿದ್ದೇವೆ’. ಆಸ್ತಿ, ಮಕ್ಕಳು, ಹಸಿವು, ಸಾಲ ಎಲ್ಲವೂ ಕನ್ನಡದಲ್ಲಿ ‘ನಮಗೆ’ ಇರ್ತವೆ. ಚತುರ್ಥಿ ವಿಭಕ್ತಿಯ ಕೆಲಸ ಅದು. ‘ಹೊಂದಿದ್ದೇವೆ’ ಅನ್ನೋದು ಬಂದದ್ದು ಇಂಗ್ಲಿಷಿನ ಅಚ್ಚಿನಿಂದ, ಅಲ್ಲಿ ಇರೋದನ್ನೆಲ್ಲ ಒಬ್ಬ ಕರ್ತೃ ‘ಹೊಂದಿರಬೇಕು’.

ಎರಡನೆಯದು ‘ಅನ್ನು’. ಜೀವವಿಲ್ಲದ, ಇಂಥದ್ದೇ ಅಂತ ಬೆರಳು ಮಾಡದ ವಸ್ತು ಕರ್ಮಪದ ಆದಾಗ ನಾವು ‘ಅನ್ನು’ ಬಿಡ್ತೀವಿ. ನೀರು ಕುಡಿದೆ, ಕಬ್ಬು ಕಡಿಸಿದೆ, ಬಿಲ್ಲು ಕೊಟ್ಟಿಲ್ಲ. ಮನುಷ್ಯರಾದರೆ ಬಿಡೋಕೆ ಬರಲ್ಲ: ‘ಮಗಳನ್ನು ಕರೆದ’ ಅನ್ನಲೇಬೇಕು. ನಿರ್ದಿಷ್ಟ ವಸ್ತುವಿಗೂ ಒತ್ತು ಬೇಕಿದ್ದಾಗ ‘ಅನ್ನು’ ಹಾಕ್ತೀವಿ: ‘ಆ ಚೀಟಿಯನ್ನು ತೋರಿಸು’. ಎಲ್ಲಿ ಬಿಡಬೇಕು, ಎಲ್ಲಿ ಹಾಕಬೇಕು ಅನ್ನೋ ಈ ತೂಕ ಮನೆಮಾತಿನವರಿಗೆ ಯೋಚಿಸದೆ ಬರುತ್ತೆ. ದ್ವಿತೀಯಾ ವಿಭಕ್ತಿಗೆ ‘ಅನ್ನು’ ಅಂತ ಪಟ್ಟಿ ನೋಡಿ ಬರೆಯೋರು ಎಲ್ಲ ಕಡೆ ಹಾಕ್ತಾರೆ. ಭೂಮಿಯನ್ನು, ಕಬ್ಬನ್ನು, ಚೀಟಿಯನ್ನು, ಹಣವನ್ನು, ಪ್ರತಿಕ್ರಿಯೆಯನ್ನು: ಐದು ವಾಕ್ಯದಲ್ಲಿ ಐದು. ಒಂದೊಂದೇ ತೆಗೆದು ನೋಡಿದರೆ ಒಂದೂ ತಪ್ಪಲ್ಲ. ಒಟ್ಟಿಗೆ ಓದಿದರೆ ಯಾರೂ ಹಾಗೆ ಮಾತಾಡಲ್ಲ. ‘ಅನುಮಾನ ಬರುವಷ್ಟು ಶುದ್ಧ’ ಅನ್ನೋ ಮಾತಿಗೆ ಅರ್ಥ ಇದ್ದರೆ ಅದು ಇಲ್ಲಿ.

ಮೂರನೆಯದು ನನಗೆ ತುಂಬ ಇಷ್ಟವಾದ ಸುಳಿವು: ‘ನಮ್ಮ ಕಡೆ’. ನಮ್ಮಲ್ಲಿ ‘ನನ್ನ ಕಡೆ ರೊಕ್ಕ ಇಲ್ಲ’ ಅಂದರೆ ನನ್ನ ಹತ್ತಿರ ಇಲ್ಲ ಅಂತ. ಬೆಂಗಳೂರಿನವರಿಗೆ ‘ನಮ್ಮ ಕಡೆ’ ಅಂದರೆ ನಮ್ಮ ಪ್ರಾಂತ್ಯ. ಎರಡನೇ ರೂಪದಲ್ಲಿ ತಿದ್ದಿದವರು ‘ಐತಿ’ಯನ್ನು ‘ಇದೆ’ ಮಾಡಿದರು, ‘ದಂಡಿ’ಯನ್ನು ‘ದಂಡೆ’ ಮಾಡಿದರು. ‘ನಮ್ಮ ಕಡೆ’ ಅವರ ಕಣ್ಣಿಗೆ ತಪ್ಪಾಗಿ ಕಾಣಲೇ ಇಲ್ಲ, ಯಾಕಂದ್ರೆ ಅದರಲ್ಲಿ ಕಾಗುಣಿತದ ದೋಷ ಇಲ್ಲ. ‘ಹೊಳೆ ದಂಡೆಗೆ’ ಅನ್ನೋದರ ‘ಗೆ’ಯೂ ಹಾಗೇ ಉಳೀತು. ಮೂರನೆಯವರು ಅದನ್ನೇ ‘ದಡದಲ್ಲಿ’ ಅಂತ ಬರೆದಿದ್ದಾರೆ.

ನಾಲ್ಕನೇ ರೂಪಕ್ಕೆ ಬನ್ನಿ. ಸಿನಿಮಾ ಸಂಭಾಷಣೆಯಲ್ಲಿ, ಜಾಹೀರಾತಿನಲ್ಲಿ, ಈಗ ಎಐ ಬರಹದಲ್ಲೂ ಕಾಣೋ ಉತ್ತರ ಕರ್ನಾಟಕದ ಕನ್ನಡ ಬಹುತೇಕ ಹೀಗೇ ಇರುತ್ತೆ. ಅನುಕರಣೆ ಮಾಡುವವರ ಕಿವಿಗೆ ಮೊದಲು ಬೀಳೋದು ವಾಕ್ಯದ ಕೊನೆ. ಹಾಗಾಗಿ ಐತಿ, ಹೊಂಟೀನಿ, ಮಾಡಾಕತ್ತಾರ, ರೀ, ಲೇ ಎಲ್ಲ ಬಂದು ಕೂತ್ಕೊಳ್ಳುತ್ತವೆ. ವಾಕ್ಯದ ನಡುವಿನ ವಿಭಕ್ತಿ ಮಾತ್ರ ಪಠ್ಯಪುಸ್ತಕದ್ದೇ ಉಳಿಯುತ್ತೆ. ‘ಕಚೇರಿಯಲ್ಲಿ ಮಾತಾಡಂಗಿಲ್ರೀ’ ಅನ್ನೋ ವಾಕ್ಯದಲ್ಲಿ ತಲೆ ಒಂದೂರಿನದು, ಬಾಲ ಇನ್ನೊಂದೂರಿನದು. ನಿಜವಾಗಿ ಆ ಮಾತು ಆಡೋರು ‘ಆಫೀಸಿನ್ಯಾಗ’ ಅಂತಾರೆ, ‘ಕೈಯಿಂದ ಬರೆದೆ’ ಅನ್ನೋ ಬದಲು ‘ಕೈಲೆ ಬರದ್ಯಾ’ ಅಂತಾರೆ. ಎಐ ಹೀಗೆ ಬರೆಯೋಕೆ ಕಾರಣವೂ ಊಹಿಸಬಹುದಾದದ್ದೇ. ಅದು ಕಲಿಯೋದು ಅಂತರ್ಜಾಲದಲ್ಲಿ ಸಿಗೋ ಕನ್ನಡದಿಂದ. ಅಲ್ಲಿರೋದು ಹೆಚ್ಚಾಗಿ ಸುದ್ದಿ, ವಿಕಿಪೀಡಿಯ, ಸರ್ಕಾರಿ ಪ್ರಕಟಣೆ. ‘ಹೊಲದಾಗ’ ಅನ್ನೋದು ಅಚ್ಚಿನಲ್ಲಿ ಅಪರೂಪ.

ಕೊನೆಗೆ ಮುಟ್ಟಿದ ಕೈ

ಈ ನಾಲ್ಕು ಪತ್ರದಿಂದ ನನಗೆ ಕಾಣೋದು ಹೀಗೆ. ಸಂಧಿ ಮತ್ತು ಪ್ರತ್ಯಯದ ರೂಪ ಬರಹದ ಮೇಲ್ಪದರ. ಯಾರು ಕೊನೆಗೆ ಮುಟ್ಟಿದರೋ ಅವರ ಗುರುತು ಅಲ್ಲಿ ಬೀಳುತ್ತೆ. ಯಾವ ವಿಭಕ್ತಿ ಬಳಸಿದ್ದಾರೆ, ಅಥವಾ ಎಲ್ಲಿ ಪ್ರತ್ಯಯವನ್ನೇ ಬಿಟ್ಟಿದ್ದಾರೆ ಅನ್ನೋದು ಒಳಪದರ. ವಾಕ್ಯ ಕಟ್ಟಿದವರ ಗುರುತು ಅಲ್ಲಿದೆ.

ಇದು ಹೊಸ ವಿಷಯವೇನಲ್ಲ. ಮುಧೋಳದವನೇ ಆದ ರನ್ನನ ಕಾವ್ಯಗಳನ್ನು ಸಂಪಾದಿಸಿದವರು ಇದೇ ತೊಡಕು ಬಿಡಿಸಬೇಕಾಯಿತು. ರನ್ನ ಅಜಿತಪುರಾಣ ಮುಗಿಸಿದ್ದು 993ರಲ್ಲಿ. ಇಂಥ ಹಳಗನ್ನಡ ಕಾವ್ಯಗಳು ನಮಗೆ ಸಿಗೋದು ಕವಿಯ ಕೈಬರಹದಲ್ಲಲ್ಲ, ಎಷ್ಟೋ ಕಾಲದ ನಂತರ ಯಾರೋ ನಕಲು ಮಾಡಿದ ಓಲೆಗರಿಗಳಲ್ಲಿ. ನಕಲು ಮಾಡುವವರು ತಮ್ಮ ಕಾಲದ ಕನ್ನಡಕ್ಕೆ ಜಾರ್ತಾರೆ. ‘ಪಾಲು’ ಅಂತಿದ್ದದ್ದು ‘ಹಾಲು’ ಆಗಿಬಿಡಬಹುದು. ಛಂದಸ್ಸು ಅದನ್ನು ತಡೆಯಲ್ಲ, ಯಾಕಂದ್ರೆ ಎರಡಕ್ಕೂ ಮಾತ್ರೆ ಒಂದೇ. ಆದರೆ ‘ಮರಮಂ’ ಅನ್ನೋದನ್ನು ‘ಮರವನ್ನು’ ಅಂತ ಬದಲಿಸಿದರೆ ನಾಲ್ಕು ಮಾತ್ರೆ ಇದ್ದದ್ದು ಐದಾಗುತ್ತೆ. ನಾಲ್ಕು ಮಾತ್ರೆಯ ಗಣಗಳಲ್ಲಿ ನಡೆಯೋ ಕಂದಪದ್ಯ ಅಲ್ಲೇ ಮುಗ್ಗರಿಸುತ್ತೆ. ಹಾಗಾಗಿ ಪದ್ಯದಲ್ಲಿ ವಿಭಕ್ತಿ ಪ್ರತ್ಯಯ ಉಳಿದುಕೊಳ್ಳುತ್ತೆ, ಪದದ ಮೊದಲಿನ ‘ಪ’ ಉಳಿಯೋದಕ್ಕೆ ಖಾತ್ರಿ ಇಲ್ಲ. ಓಲೆಯಲ್ಲಿ ‘ಹ’ ಕಂಡಿತು ಅಂತ ಕಾವ್ಯವೇ ಆಮೇಲಿನ ಕಾಲದ್ದು ಅಂತ ತೀರ್ಪು ಕೊಟ್ಟರೆ, ನಕಲುಗಾರನ ಗುರುತನ್ನು ಕವಿಯ ತಲೆಗೆ ಕಟ್ಟಿದ ಹಾಗೆ.

ರೈತನ ಪತ್ರಕ್ಕೆ ಛಂದಸ್ಸಿನ ಕಾವಲಿಲ್ಲ ನಿಜ. ಆದರೆ ‘ನಮಗೆ ಇದೆ’, ‘ಬಿಲ್ಲು ಕೊಟ್ಟಿಲ್ಲ’, ‘ನಮ್ಮ ಕಡೆ’ ಇಂಥವನ್ನು ಬದಲಿಸಬೇಕಾದರೆ ಇಡೀ ವಾಕ್ಯ ಮತ್ತೆ ಕಟ್ಟಬೇಕು. ಅಷ್ಟು ಕಷ್ಟ ಯಾರೂ ಪಡಲ್ಲ. ತಿದ್ದುವವರ ಸೋಮಾರಿತನವೇ ಇಲ್ಲಿ ಕಾವಲು.

ಮೇಲ್ಪದರ ಎಷ್ಟು ತೆಳು ಅನ್ನೋದಕ್ಕೆ ಕಂಪ್ಯೂಟರಿನ ಒಂದು ಉದಾಹರಣೆ ಕೊಡ್ತೀನಿ. ‘ಬ್ಯಾಂಕ್‌ನಲ್ಲಿ’ ಅಂತ ಬರೆಯಬೇಕಾದರೆ ‘ಕ್’ ಮತ್ತು ‘ನ’ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಬೇಕು. ಯೂನಿಕೋಡಿನಲ್ಲಿ ಅದು U+200C. ಅದಿಲ್ಲದಿದ್ದರೆ ‘ನ’ ಕೆಳಗಿಳಿದು ಒತ್ತಕ್ಷರ ಆಗಿ ‘ಬ್ಯಾಂಕ್ನಲ್ಲಿ’ ಅಂತಾಗುತ್ತೆ. ಅವಸರದಲ್ಲಿ ಫೋನಿನಲ್ಲಿ ಬರೆಯೋರು ಹಲವರು ‘ಬ್ಯಾಂಕ್ ನಲ್ಲಿ’ ಅಂತ ಜಾಗ ಬಿಡ್ತಾರೆ. ಹಳೇ ಕ್ರಮದಲ್ಲಿ ಬರೆಯೋರು ‘ಬ್ಯಾಂಕಿನಲ್ಲಿ’ ಅಂತಾರೆ, ಅವರಿಗೆ ಈ ತಾಪತ್ರಯವೇ ಇಲ್ಲ. ಎರಡು ಪುಟದ ಪತ್ರದಲ್ಲಿ ಬೇಕಾದ ಕಡೆಯೆಲ್ಲ U+200C ಬಿಡದೆ ಬಿದ್ದಿದ್ದರೆ ಅದು ಪತ್ರಿಕೆಯ ಡೆಸ್ಕ್, ಡಿಟಿಪಿ ಅಂಗಡಿ ಅಥವಾ ಯಂತ್ರ ಮುಟ್ಟಿದ ಪಠ್ಯ ಇರಬಹುದು. ಆದರೆ ಕೀಲಿಮಣೆಯೇ ಪದ ಸೂಚಿಸಿ ಅದನ್ನು ಸೇರಿಸಿರಲೂಬಹುದು. ಹೀಗಾಗಿ ಆ ಚಿಹ್ನೆ ಹೇಳೋದು ಪಠ್ಯ ಯಾವ ದಾರಿಯಲ್ಲಿ ಬಂತು ಅಂತ ಮಾತ್ರ. ‘ಇಲ್ಲವೆಂದು’ ಅಂತ ಕೂಡಿಸಿ ಬರೆದರೋ ‘ಇಲ್ಲ ಎಂದು’ ಅಂತ ಬಿಡಿಸಿ ಬರೆದರೋ ಅನ್ನೋದೂ ಅಷ್ಟೇ. ಅದು ಒಂದೊಂದು ಪತ್ರಿಕೆಯ ಪದ್ಧತಿ, ಒಬ್ಬೊಬ್ಬ ಮೇಷ್ಟ್ರ ಪಾಠ.

ತಪ್ಪು ಎಲ್ಲಿ ಬೀಳುತ್ತೆ

ಇನ್ನೊಂದು ಕಡೆಯ ತೀರ್ಪು ನೋಡೋಣ: ‘ತಪ್ಪಿದೆ, ಹಾಗಾಗಿ ಅಸಲಿ.’ ತಪ್ಪನ್ನು ಬೇಕಂತಲೇ ಉದುರಿಸಬಹುದು ಅನ್ನೋದು ಎಲ್ಲರಿಗೂ ಗೊತ್ತು. ಆದರೆ ನಿಜವಾದ ತಪ್ಪಿಗೆ ಒಂದು ಲೆಕ್ಕ ಇರುತ್ತೆ, ಉದುರಿಸಿದ ತಪ್ಪಿಗೆ ಅದಿರಲ್ಲ.

ನಮ್ಮ ಭಾಗದಲ್ಲಿ ಬರೆದ ಅರ್ಜಿ, ಪತ್ರಗಳನ್ನು ಓದುವಾಗ ನಾನು ಗಮನಿಸಿದ್ದು: ಪ್ರತ್ಯಯ ಹೆಸರಿನ ಜೊತೆ ಹೋಗುತ್ತೆ. ಕಚೇರಿಯಿಂದ ಬಂದ ಪದಕ್ಕೆ ಕಚೇರಿಯ ಪ್ರತ್ಯಯ, ಮನೆಯ ಪದಕ್ಕೆ ಮನೆಯ ಪ್ರತ್ಯಯ. ಒಂದೇ ಪತ್ರದಲ್ಲಿ ‘ಗ್ರಾಮ ಪಂಚಾಯಿತಿಯಲ್ಲಿ’ ಮತ್ತು ‘ಹೊಲದಾಗ’ ಎರಡೂ ಇದ್ದರೆ ಅದು ಗೊಂದಲ ಅಲ್ಲ. ಪಂಚಾಯಿತಿ ಅನ್ನೋದನ್ನು ಅವರು ಓದಿ ಕಲಿತಿದ್ದಾರೆ, ಹೊಲ ಅನ್ನೋದನ್ನು ನಡೆದು ಕಲಿತಿದ್ದಾರೆ. ಇದು ತಿರುಗಾಮುರುಗಾ ಆಗಿ, ‘ಹೊಲದಲ್ಲಿ’ ಅಂತ ಶುದ್ಧವಾಗಿಯೂ ‘ಅಧಿಸೂಚನ್ಯಾಗ’ ಅಂತ ಆಡುಮಾತಿನಲ್ಲೂ ಇದ್ದರೆ ನಾನು ನಿಂತು ಇನ್ನೊಂದು ಸಲ ಓದ್ತೀನಿ.

ತಪ್ಪು ಗುಂಪಾಗಿಯೂ ಬೀಳುತ್ತೆ. ಮೊದಲ ಪ್ಯಾರಾದಲ್ಲಿ ‘ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಅಂತ ಹುಷಾರಾಗಿ ಶುರು ಮಾಡಿದವರು, ಮೂರನೇ ಪ್ಯಾರಾದಲ್ಲಿ ಸಿಟ್ಟು ಬಂದಾಗ ‘ರೊಕ್ಕ ಕೊಡಂಗಿಲ್ಲ ಅಂದ್ರ ಹೆಂಗ’ ಅಂತಾರೆ. ಬೇರೆಯವರ ಮಾತನ್ನು ಹಾಗೇ ಹೇಳುವಾಗ, ಉದ್ದ ವಾಕ್ಯದ ಕೊನೆಯಲ್ಲಿ, ದಣಿದಾಗ ಮನೆಮಾತು ಹೊರಗೆ ಬರುತ್ತೆ. ಪತ್ರದ ಉದ್ದಕ್ಕೂ ಸಮನಾಗಿ, ಪ್ಯಾರಾಕ್ಕೆ ಎರಡರಂತೆ ಬಿದ್ದ ತಪ್ಪು ಕಂಡರೆ ಯಾರೋ ಉಪ್ಪು ಉದುರಿಸಿದ್ದಾರೆ ಅನ್ನಿಸುತ್ತೆ.

ಇನ್ನೊಂದು ಬಗೆಯ ತಪ್ಪು ಇನ್ನೂ ಗಟ್ಟಿ ಸುಳಿವು, ಅದು ಅತಿತಿದ್ದುಪಡಿ. ಮನಿ ಅಂದರೆ ಮನೆ ಅಂತ ಬರೀಬೇಕು, ಹೊಳಿ ಅಂದರೆ ಹೊಳೆ ಅಂತ ಬರೀಬೇಕು ಅಂತ ಶಾಲೆಯಲ್ಲಿ ಪೆಟ್ಟು ತಿಂದು ಕಲಿತವರು ಆ ಪಾಠವನ್ನು ಬೇಡದ ಕಡೆಯೂ ಹಚ್ಚಬಹುದು. ‘ಬಾಕಿ’ ಸರಿಯಾಗಿದ್ದರೂ ಅದನ್ನೂ ‘ಬಾಕೆ’ ಮಾಡಬಹುದು. ‘ಬಾಕೆ’ ಅನ್ನೋ ತಪ್ಪು ಮೈಸೂರಿನವರ ಕೈಯಿಂದ ಸುಲಭಕ್ಕೆ ಬೀಳಲ್ಲ, ಯಾಕಂದ್ರೆ ಅವರಿಗೆ ‘ಇ’ಯನ್ನು ‘ಎ’ ಮಾಡೋ ಭಯ ಇಲ್ಲ. ಆಡುಮಾತಿನ ನೇರ ರೂಪವನ್ನು ಯಾರು ಬೇಕಾದರೂ ಕೇಳಿ ಅನುಕರಿಸಬಹುದು. ಹೆದರಿಕೆಯಿಂದ ಹುಟ್ಟಿದ ತಪ್ಪನ್ನು ಅನುಕರಿಸೋಕೆ ಆ ಹೆದರಿಕೆ ಗೊತ್ತಿರಬೇಕು.

ಇದರಿಂದ ಏನು ಹೇಳೋಕೆ ಆಗಲ್ಲ

ಮೂರನೇ ಪತ್ರವನ್ನು ತೋರಿಸಿ ‘ಇದು ಎಐ’ ಅಂತ ಹೇಳಬಹುದಾ? ಇಲ್ಲ. ‘ಹೊಂದಿದ್ದೇವೆ’, ‘ಪಾವತಿಸಲಾಗಿಲ್ಲ’, ‘ನೀಡುತ್ತಿಲ್ಲ’ ಇವೆಲ್ಲ ಎಐ ಬರೋ ಎಷ್ಟೋ ಮುಂಚಿನಿಂದ ನಮ್ಮ ಕಚೇರಿ ಕನ್ನಡದಲ್ಲಿ, ಅನುವಾದದ ಸುದ್ದಿಯಲ್ಲಿ ಇವೆ. ಜಮಖಂಡಿಯ ಹುಡುಗಿಯೊಬ್ಬಳು ಸ್ಪರ್ಧಾತ್ಮಕ ಪರೀಕ್ಷೆಗೆ ಪ್ರಬಂಧ ಬರೆದು ಬರೆದು ಇದೇ ಶೈಲಿ ರೂಢಿಸಿಕೊಂಡಿರಬಹುದು. ಅವಳ ಅಪ್ಪನ ಪತ್ರವನ್ನು ಅವಳೇ ಬರೆದರೆ ಅದು ಮೂರನೇ ಪತ್ರದ ಹಾಗೆ ಇರುತ್ತೆ, ಮತ್ತು ಅದರ ಪ್ರತಿಯೊಂದು ಮಾತೂ ನಿಜ ಇರುತ್ತೆ. ಇಂಗ್ಲಿಷಿನ ಅಚ್ಚಿನಲ್ಲಿ ಪಳಗಿದ ಕೈ ಅಂತ ಹೇಳಬಹುದು. ಆ ಕೈ ಮನುಷ್ಯರದ್ದೋ ಯಂತ್ರದ್ದೋ ಅಂತ ಪ್ರತ್ಯಯ ನೋಡಿ ಹೇಳೋಕೆ ಬರಲ್ಲ.

ಒಂದು ಪತ್ರ ಇಟ್ಟುಕೊಂಡು ‘ಇದು ಇಂಥವರದ್ದೇ’ ಅಂತಲೂ ಹೇಳೋಕಾಗಲ್ಲ. ಅಮೆರಿಕದ ಫೆಡರಲಿಸ್ಟ್ ಲೇಖನಗಳಲ್ಲಿ 12 ಯಾರವು ಅಂತ ಜಗಳ ಇತ್ತು. ಹ್ಯಾಮಿಲ್ಟನ್ ಬರೆದದ್ದೋ, ಮ್ಯಾಡಿಸನ್ ಬರೆದದ್ದೋ? 1964ರಲ್ಲಿ ಮೋಸ್ಟೆಲರ್ ಮತ್ತು ವಾಲೇಸ್ ಅನ್ನೋ ಸಂಖ್ಯಾಶಾಸ್ತ್ರಜ್ಞರು ಅದನ್ನು ಸಣ್ಣಸಣ್ಣ ಪದಗಳ ಲೆಕ್ಕದಿಂದ ಬಿಡಿಸಿ, ಮ್ಯಾಡಿಸನ್ ಕಡೆ ತೀರ್ಮಾನ ಕೊಟ್ಟರು. ಹ್ಯಾಮಿಲ್ಟನ್ ಧಾರಾಳವಾಗಿ ಬಳಸೋ upon ಪದ ಮ್ಯಾಡಿಸನ್ ಬರಹದಲ್ಲಿ ಬಲು ಅಪರೂಪ. ಅವರಿಗೆ ಅನುಕೂಲ ಏನಿತ್ತು ಅಂದರೆ ಸಂಶಯ ಇದ್ದದ್ದು ಇಬ್ಬರ ಮೇಲೆ ಮಾತ್ರ, ಮತ್ತು ಇಬ್ಬರದ್ದೂ ಒಪ್ಪಿತ ಬರಹ ರಾಶಿ ಇತ್ತು. ಇಂಗ್ಲಿಷಿನ ಆ ಸಣ್ಣ ಪದಗಳ ಕೆಲಸವನ್ನು ಕನ್ನಡದಲ್ಲಿ ಪ್ರತ್ಯಯ ಮಾಡುತ್ತೆ. ಪದ ಎಣಿಸೋ ಪ್ರೋಗ್ರಾಮಿಗೆ ಹೊಲದಾಗ, ಮನ್ಯಾಗ, ಊರಾಗ ಮೂರೂ ಬೇರೆ ಬೇರೆ ಪದ. ಮೂರರಲ್ಲೂ ಒಂದೇ ‘ಆಗ’ ಇದೆ ಅಂತ ಮೊದಲು ಬಿಡಿಸಿ ಕೊಡಬೇಕು, ಸಂಧಿ ಬಿಡಿಸದೆ ಲೆಕ್ಕವೇ ಶುರುವಾಗಲ್ಲ.

ಹಾಗಾಗಿ ಯಾರದಾದರೂ ಬರಹದ ಮೇಲೆ ಅನುಮಾನ ಬಂದರೆ ಮಾಡಬೇಕಾದ ಕೆಲಸ ಇದು. ಅವರೇ ಬರೆದದ್ದು ಅಂತ ಖಚಿತವಿರೋ, ಅದೇ ಜಾತಿಯ ಬರಹ ತಗೊಳ್ಳಿ. ಅರ್ಜಿಗೆ ಅರ್ಜಿ ಹೋಲಿಸಿ, ವಾಟ್ಸಾಪ್ ಮೆಸೇಜಿಗೆ ಅರ್ಜಿಯನ್ನು ಹೋಲಿಸಬೇಡಿ. ‘ಅನ್ನು’ ಹಾಕಲೂಬಹುದು, ಬಿಡಲೂಬಹುದು ಅನ್ನೋ ಜಾಗಗಳನ್ನು ಮಾತ್ರ ಗುರುತು ಮಾಡಿ, ಎಷ್ಟು ಕಡೆ ಹಾಕಿದ್ದಾರೆ, ಎಷ್ಟು ಕಡೆ ಬಿಟ್ಟಿದ್ದಾರೆ ಅಂತ ಎರಡನ್ನೂ ಎಣಿಸಿ. ಹಾಕಲೇಬೇಕಾದ ಜಾಗ ಏನನ್ನೂ ಹೇಳಲ್ಲ. ಒಂದು ಪುಟದ ಪತ್ರದಲ್ಲಿ ಇಂಥ ಜಾಗ ಬೆರಳೆಣಿಕೆಯಷ್ಟು ಸಿಕ್ಕರೆ, ಎಣಿಸಿದ್ದು ಸಾಲದು ಅಂತ ಒಪ್ಪಿಕೊಂಡು ಸುಮ್ಮನಾಗಿ.

ಇದು ಬರೀ ಭಾಷಾಸಕ್ತರ ಆಟ ಆಗಿದ್ದರೆ ಇಷ್ಟು ಎಳೆಯುತ್ತಿರಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಸೆಕ್ಷನ್ನು ತಜ್ಞರ ಅಭಿಪ್ರಾಯದ ವ್ಯಾಪ್ತಿಗೆ ವಿಜ್ಞಾನ, ಕಲೆ, ಕೈಬರಹದ ಜೊತೆ ‘ಬೇರಾವುದೇ ಕ್ಷೇತ್ರ’ವನ್ನೂ ಸೇರಿಸಿದೆ. ಬೆದರಿಕೆ ಪತ್ರ, ಮರಣಪತ್ರ, ತಪ್ಪೊಪ್ಪಿಗೆ ಹೇಳಿಕೆ ಯಾರದ್ದು ಅಂತ ಭಾಷೆ ನೋಡಿ ಹೇಳೋ ‘ತಜ್ಞರು’ ನಾಳೆ ಸಾಕ್ಷಿಕಟ್ಟೆಗೆ ಬರೋದಕ್ಕೆ ಬಾಗಿಲು ಇನ್ನಷ್ಟು ಅಗಲ ಆಗಿದೆ. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳೋದು ಇನ್ನೊಬ್ಬರು. ಅಂಥ ಕಾಗದದಲ್ಲಿ ‘ಮನೆಯಲ್ಲಿ’ ಅಂತಿದ್ದರೆ ಅದು ಬರೆದುಕೊಂಡವರ ಪ್ರತ್ಯಯ. ಹೇಳಿದವರು ಏನಂದರು ಅನ್ನೋದಕ್ಕೆ ಒಳಪದರ ಹುಡುಕಬೇಕು, ಅಲ್ಲೂ ಸಿಗದಿದ್ದರೆ ಸಿಗಲಿಲ್ಲ ಅಂತ ಹೇಳುವ ತಜ್ಞರು ಬೇಕು.

ಇನ್ನು ಆ ಕಬ್ಬಿನ ಪತ್ರದ ವಿಷಯ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಬಂದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು. ತಡ ಆದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ಪತ್ರ ರೈತ ಬರೆದನೋ, ಮಗಳು ಬರೆದಳೋ, ಯಂತ್ರ ಬರೆಯಿತೋ, ತೂಕದ ಚೀಟಿಯ ಮೇಲಿನ ತಾರೀಖು ಬದಲಾಗಲ್ಲ. ‘ಈ ಕನ್ನಡ ನಿನ್ನದಲ್ಲ’ ಅಂತ ಅರ್ಜಿ ಪಕ್ಕಕ್ಕಿಡೋರಿಗೆ ಮೊದಲು ಕೇಳಬೇಕಾದ್ದು ಆ ತಾರೀಖನ್ನು ನೋಡಿದ್ರಾ ಅಂತ.